‘ಈಗ ಏನು ನಡೀತಿದೆ?’: ಹಬ್ಬದ ಲೈವ್‌ಗೆ ಕ್ಯಾಪ್ಷನ್, ಕಾಮೆಂಟರಿ ಹೊಂದಿಸುವ ಬಗೆ

ಹಬ್ಬದ ಲೈವ್ ನಡೆಯುವಾಗ ಚಾಟ್ ಕಡೆ ಒಂದು ಕಣ್ಣಿಟ್ಟಿರಿ. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಮೂರೇ. “ಶುರುವಾಯ್ತಾ?” “ಈಗ ಏನು ಮಾಡ್ತಿದಾರೆ?” “ಮುಗೀತಾ, ಇನ್ನೂ ಇದೆಯಾ?”

ಸ್ಥಳದಲ್ಲೇ ನಿಂತವರಿಗೆ ಈ ಪ್ರಶ್ನೆ ಏಳುವುದು ಕಡಿಮೆ. ಪಕ್ಕದವರು ಎದ್ದರೆ ತಾವೂ ಏಳುತ್ತಾರೆ. ಹಿಂದಿನಿಂದ ಯಾರೋ “ಬಂದ್ರು, ಬಂದ್ರು” ಅಂದರೆ ಆ ಕಡೆ ತಿರುಗುತ್ತಾರೆ. ಗೊತ್ತಾಗದಿದ್ದರೆ ಪಕ್ಕದ ಅಜ್ಜಿಯನ್ನು ಕೇಳುತ್ತಾರೆ. ಮನೆಯಲ್ಲಿ ಫೋನ್ ಹಿಡಿದು ಕೂತವರಿಗೆ ಪಕ್ಕದ ಅಜ್ಜಿ ಇಲ್ಲ. ಕ್ಯಾಮೆರಾ ತೋರಿಸಿದಷ್ಟೇ ಅವರ ಪ್ರಪಂಚ. ಆ ಅಜ್ಜಿಯ ಕೆಲಸವನ್ನು ಪರದೆ ಮೇಲಿನ ಅಕ್ಷರ ಮತ್ತು ಕಿವಿಗೆ ಬೀಳುವ ಮಾತು ಹಂಚಿಕೊಂಡು ಮಾಡಬೇಕು.

ಹಂಚಿಕೊಳ್ಳುವುದರಲ್ಲೇ ಹೆಚ್ಚಿನ ತಂಡಗಳು ಎಡವುವುದು. ಒಬ್ಬರು ಕ್ಯಾಪ್ಷನ್ ಬರೆಯುತ್ತಾರೆ, ಇನ್ನೊಬ್ಬರು ವೀಕ್ಷಕ ವಿವರಣೆ ಕೊಡುತ್ತಾರೆ, ಇಬ್ಬರೂ ಹಿಂದಿನ ದಿನ ಮಾತಾಡಿಕೊಂಡಿರುವುದೇ ಇಲ್ಲ. ಒಂದು ವಿಧಿಗೆ ಕ್ಯಾಪ್ಷನ್‌ನಲ್ಲಿ ಒಂದು ಹೆಸರು, ಕಾಮೆಂಟರಿಯಲ್ಲಿ ಇನ್ನೊಂದು, ಮೊದಲೇ ಹಂಚಿದ ಕಾರ್ಯಕ್ರಮ ಪಟ್ಟಿಯಲ್ಲಿ ಮತ್ತೊಂದು. ನೋಡುಗರು ಮೂರು ಬೇರೆ ಬೇರೆ ವಿಧಿ ಇದೆ ಅಂದುಕೊಂಡು, ಉಳಿದ ಎರಡು ಯಾವಾಗ ಅಂತ ಕಾಯುತ್ತಾ ಕೂರುತ್ತಾರೆ. ಹಾಗಾಗಿ ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಹೆಸರಿನದ್ದು. ವಿಧಿ ನಡೆಸುವವರ ಜೊತೆ ಕೂತು, ಪ್ರತಿ ವಿಧಿಗೂ ಒಂದೇ ಹೆಸರು ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಯಾರೂ ಅದನ್ನು ಚೆಂದಕ್ಕೆ ಅಂತ ಬದಲಾಯಿಸಬಾರದು.

ಗಡಿಯಾರವಲ್ಲ, ಗುರುತು

ಒಂದು ದೀಪದ ವಿಧಿ ಎಂದುಕೊಳ್ಳೋಣ. ಜನ ಸೇರಿ ಕಾಯುತ್ತಾರೆ. ಗಂಟೆ ಮೂರು ಸಲ ಬಾರಿಸುತ್ತದೆ. ಹಿರಿಯರೊಬ್ಬರು ಉರಿಯುವ ಬತ್ತಿ ಹಿಡಿದು ನಡೆದು ಬರುತ್ತಾರೆ. ದೊಡ್ಡ ದೀಪ ಹಚ್ಚುತ್ತಾರೆ. ಪಠಣ ಮೂರು ಸುತ್ತು ನಡೆಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಪೂರ್ತಿ ಮೌನ. ಕೊನೆಗೆ ದೊಡ್ಡ ದೀಪದಿಂದ ಒಬ್ಬರಿಂದೊಬ್ಬರಿಗೆ ಬೆಂಕಿ ದಾಟಿಸುತ್ತಾ ನೂರಾರು ಚಿಕ್ಕ ದೀಪ ಹಚ್ಚುತ್ತಾರೆ.

ಇದಕ್ಕೆ ಕ್ಯೂ ಶೀಟ್, ಅಂದರೆ ಯಾವಾಗ ಏನು ಹಾಕಬೇಕು, ಏನು ಹೇಳಬೇಕು ಅನ್ನುವ ಪಟ್ಟಿ, ಮಾಡುವಾಗ ಮನಸ್ಸಿಗೆ ಮೊದಲು ಬರುವುದು ಸಮಯ. ಆರಕ್ಕೆ ಗಂಟೆ, ಆರೂ ಐದಕ್ಕೆ ಬತ್ತಿ, ಆರೂ ಹತ್ತಕ್ಕೆ ದೀಪ. ನಾನು ಮೊದಲ ಸಲ ಹೀಗೇ ಮಾಡಿದ್ದೆ. ವಿಧಿ ಹದಿನೆಂಟು ನಿಮಿಷ ತಡವಾಗಿ ಶುರುವಾಯಿತು. ಪರದೆ ಮೇಲೆ “ದೀಪ ಹಚ್ಚುತ್ತಿದ್ದಾರೆ” ಅಂತ ಬಂದಾಗ ಅಲ್ಲಿ ಒಬ್ಬರು ಜಮಖಾನ ಹಾಸುತ್ತಿದ್ದರು. ಚಾಟ್‌ನಲ್ಲಿ ಬಂದ ನಗು ಇನ್ನೂ ನೆನಪಿದೆ.

ಸಮಯದ ಬದಲು ಗುರುತು ಬರೆಯಬೇಕು. ಅಂದರೆ ಈ ವಿಧಿ ಶುರುವಾಯಿತು ಅಂತ ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಒಂದು ಸಂಗತಿ. ನಮ್ಮ ದೀಪದ ವಿಧಿಯಲ್ಲಿ ಮೂರನೇ ಗಂಟೆ ನಿಂತ ಕ್ಷಣ ಒಂದು ಗುರುತು. ಹಿರಿಯರು ಬಾಗಿಲಿನ ಹೊಸ್ತಿಲು ದಾಟಿದ್ದು ಇನ್ನೊಂದು. ಬತ್ತಿ ದೀಪಕ್ಕೆ ತಾಗಿದ್ದು ಮತ್ತೊಂದು. ಕ್ಯಾಪ್ಷನ್ ಹಾಕುವವರು ಗಡಿಯಾರ ನೋಡುವ ಹಾಗೇ ಇಲ್ಲ, ಗುರುತು ಕಂಡಾಗ ಗುಂಡಿ ಒತ್ತಬೇಕು. ಶೀಟ್‌ನಲ್ಲಿ ಗುರುತಿನ ಪಕ್ಕ ಕ್ಯಾಪ್ಷನ್ ಸಾಲು, ಅದರ ಪಕ್ಕ ಕಾಮೆಂಟರಿಯಲ್ಲಿ ಹೇಳಬೇಕಾದ ಎರಡು ಮಾತು, ಕೊನೆಗೆ “ಇಲ್ಲಿ ಮಾತಾಡಬಹುದು” ಅಥವಾ “ಇಲ್ಲಿ ಬಾಯಿ ಮುಚ್ಚು” ಅಂತ ಒಂದು ಸೂಚನೆ. ಇಷ್ಟಿದ್ದರೆ ಸಾಕು.

ಗುರುತು ಆರಿಸುವಾಗ ಒಂದು ಎಚ್ಚರ ಬೇಕು. ಅದು ಕಾಮೆಂಟರಿ ಕೊಡುವವರು ಕೂತ ಜಾಗಕ್ಕೆ ಕಾಣುವಂಥದ್ದಾಗಿರಬೇಕು. ಎಷ್ಟೋ ವಿಧಿ ಜನರ ಬೆನ್ನಿನ ಮರೆಯಲ್ಲಿ ನಡೆಯುತ್ತದೆ. ಆಗ ವಿಧಿ ನಡೆಸುವವರ ಹತ್ತಿರ ನಮ್ಮವರೊಬ್ಬರು ನಿಂತು, ಕೈ ಎತ್ತಿ ಸನ್ನೆ ಮಾಡಬೇಕು. ವಾಕಿ ಟಾಕಿಗಿಂತ ಕೈಸನ್ನೆ ವಾಸಿ. ಗದ್ದಲದಲ್ಲೂ ಕೆಲಸ ಮಾಡುತ್ತದೆ, ಮೌನದಲ್ಲೂ ಯಾರಿಗೂ ತೊಂದರೆಯಾಗುವುದಿಲ್ಲ.

ಅರ್ಧ ನಿಮಿಷದ ಗೊಂದಲ

ಇಲ್ಲಿ ತಾಂತ್ರಿಕವಾದ ಒಂದು ವಿಷಯ ಅರ್ಥ ಮಾಡಿಕೊಂಡರೆ ಅರ್ಧ ಸಮಸ್ಯೆ ಕರಗುತ್ತದೆ. ಲೈವ್ ಅಂದರೂ ಅದು ತಕ್ಷಣದ್ದಲ್ಲ. ಇಂಟರ್‌ನೆಟ್‌ನಲ್ಲಿ ವಿಡಿಯೋ ಸಾಮಾನ್ಯವಾಗಿ ತುಂಡು ತುಂಡಾಗಿ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಎಚ್‌ಎಲ್‌ಎಸ್ ವಿಧಾನದಲ್ಲಿ ಒಂದು ತುಂಡು 6 ಸೆಕೆಂಡಿನಷ್ಟು ಇರುವುದು ವಾಡಿಕೆ. ನೋಡುವವರ ಪ್ಲೇಯರ್ ನಡುವೆ ತಡೆಯಬಾರದು ಅಂತ ಮೂರು ತುಂಡಿನಷ್ಟು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಆಯಿತು. ಎನ್‌ಕೋಡ್ ಆಗುವುದು, ಸರ್ವರ್ ದಾಟುವುದು ಎಲ್ಲ ಸೇರಿಸಿದರೆ 20ರಿಂದ 30 ಸೆಕೆಂಡ್ ಹಿಂದೆ ಉಳಿಯುವುದು ಮಾಮೂಲು. ತಡ ಕಡಿಮೆ ಮಾಡುವ ಸೆಟ್ಟಿಂಗ್ ಇರುತ್ತದೆ, ಆದರೆ ನೆಟ್ ಸರಿಯಿಲ್ಲದವರಿಗೆ ಆಗ ವಿಡಿಯೋ ಜಾಸ್ತಿ ನಿಂತು ನಿಂತು ಬರುತ್ತದೆ.

ಈ ತಡದಿಂದ ಆಗುವ ಎಡವಟ್ಟು ಒಂದನ್ನು ನಾನು ಹಲವು ಸಲ ಕಂಡಿದ್ದೇನೆ. ಕಾಮೆಂಟರಿ ಕೊಡುವವರಿಗೆ ಕೂರಲು ಬೇರೆ ಕೋಣೆ ಕೊಡುತ್ತಾರೆ. ಅಲ್ಲಿ ಟಿವಿ ಇಲ್ಲ. ಪಾಪ, ಅವರು ತಮ್ಮ ಫೋನಿನಲ್ಲೇ ಲೈವ್ ತೆರೆದು, ಅದನ್ನು ನೋಡುತ್ತಾ ಮಾತಾಡುತ್ತಾರೆ. ಫೋನಿನ ಚಿತ್ರ 25 ಸೆಕೆಂಡ್ ಹಳೆಯದು. ಆದರೆ ಅವರ ದನಿ ಮೈಕಿನಿಂದ ಈಗ ಹೊರಡುವ ಚಿತ್ರದ ಜೊತೆ ಸೇರಿಕೊಳ್ಳುತ್ತದೆ. ಫಲವಾಗಿ ನೋಡುಗರಿಗೆ ಮಾತು ಯಾವಾಗಲೂ 25 ಸೆಕೆಂಡ್ ಹಿಂದೆ. ದೀಪ ಹೊತ್ತಿ, ಪಠಣವೂ ಶುರುವಾಗಿರುತ್ತದೆ, ಅಷ್ಟು ಹೊತ್ತಿಗೆ ಇವರು ಸಂಭ್ರಮದಿಂದ “ಇಗೋ, ಇನ್ನೇನು ದೀಪ ಹಚ್ಚುತ್ತಾರೆ!” ಅನ್ನುತ್ತಾರೆ. ತಪ್ಪು ಅವರದ್ದಲ್ಲ. ಅವರ ಮುಂದೆ ಇರಬೇಕಾದ್ದು ಮಿಕ್ಸಿಂಗ್ ಮಾಡುವ ಕಂಪ್ಯೂಟರಿನಿಂದ ನೇರ ತಂತಿಯಲ್ಲಿ ಬರುವ ಚಿತ್ರ.

ಚಾಟ್‌ಗೆ ಉತ್ತರ ಕೊಡುವವರ ವಿಷಯ ಸರಿ ತಿರುಗುಮುರುಗು. ಅವರು ಸಾರ್ವಜನಿಕ ಲೈವನ್ನೇ ನೋಡಬೇಕು. “ಆ ಹಳದಿ ಬಟ್ಟೆ ಯಾಕೆ ಹಾಕಿದರು?” ಅಂತ ಯಾರೋ ಕೇಳಿದರೆ, ಅದು ಅರ್ಧ ನಿಮಿಷದ ಹಿಂದೆ ನಡೆದದ್ದರ ಬಗ್ಗೆ. ಸ್ಥಳದ ಚಿತ್ರ ನೋಡುತ್ತಿರುವವರಿಗೆ ಆಗ ಹಳದಿ ಬಟ್ಟೆ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಚಾಟ್ ಮತ್ತು ಕಾಮೆಂಟರಿ ಎರಡನ್ನೂ ಒಬ್ಬರ ತಲೆಗೆ ಕಟ್ಟಬಾರದು.

ಇನ್ನೊಂದು ಚಿಕ್ಕ ವಿಷಯ. ಕಾಮೆಂಟರಿ ಕೊಡುವವರ ಹೆಡ್‌ಫೋನಿನಲ್ಲಿ ಸ್ಥಳದ ಶಬ್ದ ಬರಲಿ, ಆದರೆ ಅವರದೇ ದನಿ ತಡವಾಗಿ ವಾಪಸ್ ಬರಬಾರದು. ಬಂದರೆ ಎಂಥ ಮಾತುಗಾರರೂ ತೊದಲುತ್ತಾರೆ.

ಅಕ್ಷರ ಎಲ್ಲಿ, ಎಷ್ಟು

ಕ್ಯಾಪ್ಷನ್ ಎರಡು ಥರ. ಚಿತ್ರದೊಳಗೇ ಅಂಟಿಸಿ ಕಳಿಸುವುದು ಒಂದು. ಬೇರೆಯಾಗಿ ಕಳಿಸಿ, ನೋಡುವವರು ಬೇಕಾದರೆ ಹಾಕಿಕೊಳ್ಳುವುದು ಇನ್ನೊಂದು. ಎರಡನೆಯದು ಕೇಳಲು ಚೆನ್ನಾಗಿದೆ, ಆದರೆ ಕನ್ನಡಕ್ಕೆ ಒಂದು ತೊಡಕಿದೆ. ವಿಡಿಯೋ ಜೊತೆ ಕ್ಯಾಪ್ಷನ್ ಕಳಿಸಲು ಟಿವಿ ಕಾಲದಿಂದ ಬಂದ ಸಿಇಎ-608 ಎಂಬ ಹಳೆಯ ಪದ್ಧತಿ ಇನ್ನೂ ಬಹಳ ಕಡೆ ಬಳಕೆಯಲ್ಲಿದೆ. ಅದು ಇಂಗ್ಲಿಷಿನಂಥ ಲಿಪಿಗೆ ಮಾಡಿದ್ದು, ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಹಾಗಾಗಿ ಲೈವ್‌ನಲ್ಲಿ ಕನ್ನಡ ಕ್ಯಾಪ್ಷನ್ ಬೇಕೆಂದರೆ ಚಿತ್ರದೊಳಗೇ ಅಂಟಿಸುವುದು ಸುಲಭದ, ಖಚಿತವಾದ ದಾರಿ. ಇದರಲ್ಲಿ ಒಂದು ಲಾಭವೂ ಇದೆ. ಅಕ್ಷರ ಚಿತ್ರದ ಜೊತೆಯಲ್ಲೇ ಪ್ರಯಾಣ ಮಾಡುವುದರಿಂದ, ನೋಡುಗರಿಗೆ ಎಷ್ಟು ತಡವಾದರೂ ಎರಡೂ ಒಟ್ಟಿಗೇ ತಲುಪುತ್ತವೆ. ನಷ್ಟ ಏನೆಂದರೆ ಬೇಡದವರು ಅದನ್ನು ತೆಗೆಯಲಾರರು.

ಲೈವ್ ಕಳಿಸುವ ಓಬಿಎಸ್ ಥರದ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಹಾಕುವಾಗ, ಹಿಂದಿನ ದಿನವೇ ಒತ್ತಕ್ಷರ ಇರುವ ಒಂದು ಸಾಲು ಹಾಕಿ ನೋಡಿ. ಅಕ್ಷರ ಮೂಡಿಸುವ ಕೆಲವು ಸಾಧನಗಳು ‘ಸ್ತ್ರೀ’ಯನ್ನು ಒಡೆದು ಸ, ತ, ರ ಅಂತ ಬಿಡಿಬಿಡಿಯಾಗಿ ತೋರಿಸಿಬಿಡುತ್ತವೆ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ಅವನ್ನು ಜೋಡಿಸುವ ತಿಳಿವಳಿಕೆ ಎಲ್ಲ ಸಾಧನಕ್ಕೂ ಇರುವುದಿಲ್ಲ. ಹೀಗಾದರೆ ಅಕ್ಷರವನ್ನು ಒಂದು ವೆಬ್ ಪುಟದಲ್ಲಿ ಬರೆದು, ಆ ಪುಟವನ್ನು ಬ್ರೌಸರ್ ಸೋರ್ಸ್ ಆಗಿ ತಂದರೆ ಸರಿಹೋಗುತ್ತದೆ. ಯಾರಾದರೂ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕೊಟ್ಟರೆ ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

ಗಾತ್ರದ ವಿಷಯದಲ್ಲಿ ನಮಗೆ ಮೋಸ ಮಾಡುವುದು ಎದುರಿನ ದೊಡ್ಡ ಮಾನಿಟರ್. ಬಹಳ ಜನ ಫೋನನ್ನು ಉದ್ದಕ್ಕೆ ಹಿಡಿದೇ ನೋಡುತ್ತಾರೆ. ಆಗ ಚಿತ್ರದ ಅಗಲ ಸುಮಾರು 7 ಸೆಂಟಿಮೀಟರ್, ಎತ್ತರ 4 ಸೆಂಟಿಮೀಟರ್. 1080 ಪಿಕ್ಸೆಲ್ ಎತ್ತರದ ಚಿತ್ರ ಅಷ್ಟರೊಳಗೆ ಕುಗ್ಗುತ್ತದೆ. 54 ಪಿಕ್ಸೆಲ್‌ನ ಅಕ್ಷರ ಅಲ್ಲಿ 2 ಮಿಲಿಮೀಟರ್ ಅಷ್ಟೇ. ಅದರಲ್ಲೂ ಒತ್ತು, ಗುಣಿತದ ಕೊಂಡಿಗೆ ಜಾಗ ಹೋದರೆ ಉಳಿಯುವುದು ಇರುವೆ ಸಾಲು. ಒಂದು ಸಾಲಿಗೆ ಚಿತ್ರದ ಎತ್ತರದಲ್ಲಿ ನೂರಕ್ಕೆ 8 ಭಾಗ, ಅಂದರೆ 86 ಪಿಕ್ಸೆಲ್‌ನಷ್ಟು ಕೊಡಿ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದಲಾಗದು. ಎರಡು ಸಾಲಿಗಿಂತ ಹೆಚ್ಚು ಬೇಡ. ಹಿಂದೆ ಕಪ್ಪು ಪಟ್ಟಿ ಇರಲಿ, ದೀಪದ ಬೆಳಕಿನ ಮೇಲೆ ಬಿಳಿ ಅಕ್ಷರ ಮಾಯವಾಗುತ್ತದೆ.

ಎಷ್ಟು ಹೊತ್ತು ಇರಬೇಕು? ನಿಮಿಷಕ್ಕೆ ಇಷ್ಟು ಪದ ಅನ್ನುವ ಇಂಗ್ಲಿಷಿನ ಲೆಕ್ಕ ನಮಗೆ ಹೊಂದುವುದಿಲ್ಲ. ‘ಹಚ್ಚುತ್ತಿದ್ದಾರೆ’ ಅನ್ನುವ ಒಂದು ಪದದಲ್ಲೇ ಅವರ ಮೂರು ಪದದ ಕೆಲಸ ಮುಗಿದಿರುತ್ತದೆ. ನಾನು ಇಟ್ಟುಕೊಂಡಿರುವ ಅಳತೆ ಸರಳ. ಸಾಲನ್ನು ಮಾಮೂಲು ವೇಗದಲ್ಲಿ ಎರಡು ಸಲ ಗಟ್ಟಿಯಾಗಿ ಓದಲು ಎಷ್ಟು ಹೊತ್ತೋ ಅಷ್ಟು ಹೊತ್ತು ಪರದೆಯಲ್ಲಿ ಇರಲಿ. ಮೊದಲ ಓದು ಕಣ್ಣು ಆ ಕಡೆ ತಿರುಗಲಿಕ್ಕೆ, ಎರಡನೆಯದು ಅರ್ಥಕ್ಕೆ.

ಜಾಗ ಎರಡು ಇರಲಿ. ಮೇಲೆ ಎಡಮೂಲೆಯಲ್ಲಿ ಒಂದು ಚಿಕ್ಕ ಪಟ್ಟಿ, ಅದು ಯಾವತ್ತೂ ಹೋಗುವುದಿಲ್ಲ: “ದೀಪ ಹಚ್ಚುವುದು · ಮುಂದೆ: ಪಠಣ”. ನಡುವೆ ಬಂದು ಸೇರಿದವರಿಗೆ ಇದೇ ದಾರಿ ಹಲಗೆ. ಕೆಳಗೆ ಬರುವುದು ಆಗಾಗಿನ ಮಾತು, ಶಬ್ದ. ಪ್ಲೇಯರ್‌ನ ಗುಂಡಿಗಳು ತೀರಾ ಕೆಳಗಿನ ಅಂಚನ್ನು ಮುಚ್ಚುತ್ತವೆ, ಆದ್ದರಿಂದ ಅದನ್ನು ಸ್ವಲ್ಪ ಮೇಲಕ್ಕೆ ಏರಿಸಿ.

ಮಾತು ಎಲ್ಲಿ, ಎಲ್ಲಿ ಬೇಡ

ಕಿವಿ ಕೇಳದವರಿಗೆ ಕ್ಯಾಪ್ಷನ್ ಒಂದೇ ಆಧಾರ. ಕಣ್ಣು ಕಾಣದವರಿಗೆ ಮಾತೊಂದೇ ಆಧಾರ. ಹಾಗಾಗಿ ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ ಅಂತ ಹಂಚಲು ಬರುವುದಿಲ್ಲ. ಮುಖ್ಯ ಸಂಗತಿ ಎರಡರಲ್ಲೂ ಇರಬೇಕು. ಹಂಚಿಕೊಳ್ಳಬೇಕಾದ್ದು ಹೊತ್ತನ್ನು. ವಿಧಿಗೆ ಅದರದೇ ಶಬ್ದ ಇರುವಾಗ ಕ್ಯಾಪ್ಷನ್ ಕೆಲಸ ಮಾಡಲಿ, ಶಬ್ದ ಇಲ್ಲದ ಕಾಯುವ ಹೊತ್ತಿನಲ್ಲಿ ಮಾತು ಕೆಲಸ ಮಾಡಲಿ.

ನಮ್ಮ ದೀಪಕ್ಕೆ ವಾಪಸ್ ಬರೋಣ. ಕಾಯುವ ಹೊತ್ತಿನಲ್ಲಿ ಕಾಮೆಂಟರಿ ಕೊಡುವವರು ಮುಂದಿನದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ. “ಗಂಟೆ ಮೂರು ಸಲ ಬಾರಿಸುತ್ತದೆ. ಮೂರನೆಯದು ನಿಂತ ಮೇಲೆ ಬಾಗಿಲಿನಿಂದ ಹಿರಿಯರು ಬತ್ತಿ ಹಿಡಿದು ಬರುತ್ತಾರೆ. ದೀಪ ಹೊತ್ತಿದ ಮೇಲೆ ಪಠಣ ಮೂರು ಸುತ್ತು ಇರುತ್ತದೆ, ಆಗ ನಾನು ಮಾತಾಡುವುದಿಲ್ಲ.” ಈ ಕೊನೆಯ ಮಾತು ಬಹಳ ಮುಖ್ಯ. ಮುಂದೆ ದನಿ ನಿಂತಾಗ ಏನೋ ಕೆಟ್ಟಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಗಂಟೆ ಶುರುವಾದ ಕೂಡಲೇ ಮಾತು ನಿಲ್ಲುತ್ತದೆ. ಕೆಳಗೆ “[ಗಂಟೆ, ಮೊದಲ ಸಲ]” ಅಂತ ಬರುತ್ತದೆ. ಹಿರಿಯರು ಬಂದಾಗ ಒಂದೇ ವಾಕ್ಯ: “ಬಾಗಿಲಿನಿಂದ ಬಿಳಿ ಶಾಲು ಹೊದ್ದ ಹಿರಿಯರು ಬರುತ್ತಿದ್ದಾರೆ, ಬಲಗೈಯಲ್ಲಿ ಉರಿಯುವ ಬತ್ತಿ.” “ನೀವು ನೋಡುತ್ತಿರುವ ಹಾಗೆ” ಅನ್ನುವುದನ್ನು ನಾನು ಶೀಟ್‌ನಿಂದ ಹೊಡೆದು ಹಾಕುತ್ತೇನೆ. ನೋಡಲಾಗದವರಿಗೆ ಅದು ಏನೂ ಹೇಳುವುದಿಲ್ಲ, ನೋಡುವವರಿಗೆ ಬೇಕಿಲ್ಲ. “ಅಲ್ಲಿ”, “ಆ ಕಡೆ” ಕೂಡ ಹಾಗೇ. ಕ್ರಿಯಾಪದದ ಕಾಲವೂ ಸರಿಯಿರಲಿ. ಬತ್ತಿ ತಾಗುವ ಮೊದಲು “ಹಚ್ಚಲಿದ್ದಾರೆ”, ತಾಗುವಾಗ “ಹಚ್ಚುತ್ತಿದ್ದಾರೆ”, ಆಮೇಲೆ “ಹಚ್ಚಿದರು”. ಸುಮ್ನೆ ಕೇಳುತ್ತಾ ಕೂತವರಿಗೆ ವಿಧಿ ಎಲ್ಲಿಗೆ ಬಂತು ಅಂತ ಹೇಳುವುದೇ ಈ ಕಾಲ.

ಪಠಣದ ಹೊತ್ತಿನಲ್ಲಿ ತಾನಾಗೇ ಬರುವ ಕ್ಯಾಪ್ಷನ್ ಹಾಕಿದ್ದರೆ ಆಫ್ ಮಾಡಿ. ಒಬ್ಬರು ಸ್ಪಷ್ಟವಾಗಿ ಆಡುವ ಮಾತಿಗೆ ಅದು ನಡೆದೀತು. ಹಲವರು ರಾಗವಾಗಿ ಹಳೆಯ ಭಾಷೆಯಲ್ಲಿ ಹೇಳುವಾಗ ಅದು ಸಿಕ್ಕ ಶಬ್ದಕ್ಕೆಲ್ಲ ಯಾವುದೋ ಪದ ಹೊಂದಿಸುತ್ತದೆ. ಕೆಲವೊಮ್ಮೆ ಮುಜುಗರ ಆಗುವಂಥ ಪದವನ್ನೂ. ಬದಲಿಗೆ ಪಠ್ಯವನ್ನು ಮೊದಲೇ ತಂದು, ಸಾಲು ಸಾಲಾಗಿ ಇಟ್ಟುಕೊಂಡು, ಕೇಳಿದಂತೆ ಗುಂಡಿ ಒತ್ತುತ್ತಾ ಹೋಗಿ. ಜೊತೆಯಲ್ಲಿ ಹೇಳುವ ಜನ ಇದ್ದರೆ ಪಠ್ಯವನ್ನೇ ತೋರಿಸಿ. ಬರೀ ಕೇಳುವವರಾದರೆ ಪ್ರತಿ ಸುತ್ತಿಗೆ ಒಂದು ಸಾಲಿನ ಅರ್ಥ, ಜೊತೆಗೆ “ಎರಡನೇ ಸುತ್ತು, ಒಟ್ಟು ಮೂರು” ಅಂತಿದ್ದರೆ ಸಾಕು. ಎರಡನ್ನೂ ಒಟ್ಟಿಗೆ ತುರುಕಿದರೆ ಯಾರೂ ಚಿತ್ರ ನೋಡುವುದಿಲ್ಲ.

ಮಾತು ಬರುವಾಗ ಸ್ಥಳದ ಶಬ್ದ ತಗ್ಗಬೇಕು, ಸಾಯಬಾರದು. 10 ಡೆಸಿಬೆಲ್‌ನಷ್ಟು ಇಳಿಸಿದರೆ ಮಾತು ಸ್ಪಷ್ಟವಾಗುತ್ತದೆ, ಹಿಂದೆ ಜನರ ಗುಜುಗುಜು ಉಳಿದಿರುತ್ತದೆ. ಓಬಿಎಸ್‌ನಲ್ಲಿ ಸ್ಥಳದ ಮೈಕಿಗೆ ಶಬ್ದ ತಗ್ಗಿಸುವ ಕಂಪ್ರೆಸರ್ ಫಿಲ್ಟರ್ ಹಾಕಿ, ಅದರ ಸೈಡ್‌ಚೈನ್‌ಗೆ ಕಾಮೆಂಟರಿ ಮೈಕ್ ಕೊಟ್ಟರೆ ಇದು ತಾನಾಗೇ ಆಗುತ್ತದೆ. ಮಾತು ನಿಂತ ಮೇಲೆ ಶಬ್ದ ಧಡಕ್ಕನೆ ಏರದೆ ನಿಧಾನವಾಗಿ ವಾಪಸ್ ಬರುವಂತೆ ರಿಲೀಸ್ ಸಮಯ ಜಾಸ್ತಿ ಇಡಿ.

ಇನ್ನು ಆ ಮೌನ. ಇಡೀ ವಿಧಿಯಲ್ಲಿ ದೂರದಿಂದ ನೋಡುವವರಿಗೆ ಅತಿ ಕಷ್ಟದ ಭಾಗ ಅದೇ. ಚಿತ್ರ ಅಲುಗಾಡುವುದಿಲ್ಲ, ಶಬ್ದ ಇಲ್ಲ. ಲೈವ್ ನಿಂತುಹೋಯಿತು ಅಂದುಕೊಂಡು ಜನ ಪುಟ ರಿಫ್ರೆಶ್ ಮಾಡುತ್ತಾರೆ. ರಿಫ್ರೆಶ್ ಆಗುವಷ್ಟರಲ್ಲಿ ಮೌನ ಮುಗಿದು ಮುಂದಿನದ್ದು ಶುರುವಾಗಿರುತ್ತದೆ. ಮೌನದ ಮಧ್ಯೆ ಕಾಮೆಂಟರಿ ಕೊಡುವವರು ಮಾತಾಡಿದರೆ ವಿಧಿಯೇ ಕೆಟ್ಟಿತು. ಹಾಗಾದರೆ ಏನು ಮಾಡೋದು?

ಮೂರು ಕಡೆಯಿಂದ ಸಹಾಯ ಬೇಕು. ಮೌನಕ್ಕೆ ಮೊದಲು ಒಂದು ಮಾತು: “ಈಗ ಎಲ್ಲರೂ ಮೌನವಾಗಿ ನಿಲ್ಲುತ್ತಾರೆ, ಸುಮಾರು ಎರಡು ನಿಮಿಷ.” ಮೌನದ ಉದ್ದಕ್ಕೂ ಪರದೆಯಲ್ಲಿ “[ಮೌನ: ಎಲ್ಲರೂ ತಲೆಬಾಗಿ ನಿಂತಿದ್ದಾರೆ]” ಅಂತ ಇರಬೇಕು. ಎರಡು ಸಲ ಓದುವ ಲೆಕ್ಕ ಇಲ್ಲಿ ಬೇಡ, ಮೌನ ಮುಗಿಯುವ ತನಕ ಇರಲಿ. ಮೂರನೆಯದು ಮೈಕಿನ ವಿಷಯ. ಗದ್ದಲ ಅಳಿಸುವ ಫಿಲ್ಟರ್, ಶಬ್ದ ಕಡಿಮೆಯಾದರೆ ಮೈಕ್ ಮುಚ್ಚುವ ಗೇಟ್, ಎರಡನ್ನೂ ಸ್ಥಳದ ಮೈಕಿನಿಂದ ತೆಗೆಯಿರಿ. ಮನುಷ್ಯರ ಮಾತು ಉಳಿಸಿ ಮಿಕ್ಕಿದ್ದೆಲ್ಲ ಕಸ ಅಂತ ಗುಡಿಸುವುದೇ ಅವುಗಳ ಕೆಲಸ. ಗಂಟೆಯ ಅನುರಣನವನ್ನು ಅವು ತುಂಡರಿಸುತ್ತವೆ, ಮೌನವನ್ನು ಸತ್ತ ಸೊನ್ನೆ ಮಾಡುತ್ತವೆ. ನಿಜವಾದ ಮೌನದಲ್ಲಿ ಗಾಳಿ ಇರುತ್ತದೆ, ಯಾರೋ ಕೆಮ್ಮುತ್ತಾರೆ, ಮಗುವೊಂದು ಏನೋ ಕೇಳುತ್ತದೆ. ಆ ಸಣ್ಣ ಸದ್ದೇ ಲೈವ್ ಇನ್ನೂ ಜೀವಂತ ಇದೆ ಅನ್ನುವುದಕ್ಕೆ ಸಾಕ್ಷಿ.

ಗೊತ್ತಿಲ್ಲದ್ದು, ತೋರಿಸಬಾರದ್ದು

ಶೀಟ್‌ನಲ್ಲಿ ಇಲ್ಲದ್ದು ಒಂದಾದರೂ ನಡೆದೇ ನಡೆಯುತ್ತದೆ. ಬತ್ತಿ ಗಾಳಿಗೆ ಆರಿತು ಅನ್ನಿ. ಹಿರಿಯರು ನಿಂತರು, ಇಬ್ಬರು ಓಡಿ ಬಂದರು. ಆಗ ಕಾರಣ ಊಹಿಸುವ ಆಸೆ ಬರುತ್ತದೆ. ಬೇಡ. ಕಾಣುವುದನ್ನಷ್ಟೇ ಹೇಳಿ: “ಬತ್ತಿ ಆರಿದೆ. ಇಬ್ಬರು ಹತ್ತಿರ ಬಂದಿದ್ದಾರೆ. ಮುಂದಿನ ಸೂಚನೆ ಬಂದ ಕೂಡಲೇ ಹೇಳುತ್ತೇನೆ.” ಮೇಲಿನ ಪಟ್ಟಿಯಲ್ಲಿ “ಸ್ವಲ್ಪ ತಡ” ಅಂತ ಹಾಕಿ. ಇಂಥ ನಾಲ್ಕೈದು ಸಾಲು, “ಸ್ವಲ್ಪ ತಡ”, “ಇನ್ನೂ ಶುರುವಾಗಿಲ್ಲ”, “ಶಬ್ದದಲ್ಲಿ ತೊಂದರೆ, ಸರಿಮಾಡುತ್ತಿದ್ದೇವೆ”, ಮೊದಲೇ ಗುಂಡಿಗೆ ಕಟ್ಟಿಟ್ಟಿರಬೇಕು. ಆ ಗಡಿಬಿಡಿಯಲ್ಲಿ ಕನ್ನಡ ಟೈಪ್ ಮಾಡಲು ಕೂತರೆ ಒತ್ತು ತಪ್ಪುವುದು ಖಂಡಿತ.

ಕೆಲವು ವಿಧಿಯನ್ನು ಹೊರಗಿನವರಿಗೆ ತೋರಿಸುವಂತಿಲ್ಲ. ಆಗ ಕ್ಯಾಮೆರಾ ಸುಮ್ಮನೆ ಗೋಪುರವನ್ನೋ ಆಕಾಶವನ್ನೋ ತೋರಿಸುತ್ತಾ ನಿಂತರೆ, ಕ್ಯಾಮೆರಾದವರು ಟೀ ಕುಡಿಯಲು ಹೋದರು ಅಂತ ಜನ ಅಂದುಕೊಳ್ಳುತ್ತಾರೆ. “ಈ ಭಾಗವನ್ನು ತೋರಿಸುವ ಪದ್ಧತಿ ಇಲ್ಲ. ಸುಮಾರು ಹತ್ತು ನಿಮಿಷದ ನಂತರ ಮೆರವಣಿಗೆ ಇಲ್ಲಿಂದಲೇ ಕಾಣುತ್ತದೆ” ಅಂತ ಎರಡು ಸಾಲು ಹಾಕಿದರೆ ಯಾರಿಗೂ ಬೇಜಾರಿಲ್ಲ.

ಲೈವ್ ಮುಗಿದ ಮೇಲೆ ರೆಕಾರ್ಡಿಂಗ್‌ಗೆ ಬೇರೆಯಾಗಿ ಕ್ಯಾಪ್ಷನ್ ಫೈಲ್ ಸೇರಿಸಬಹುದು. ಅಲ್ಲಿ ಹಳೆಯ ಪದ್ಧತಿಯ ತೊಡಕಿಲ್ಲ, ವೆಬ್‌ವಿಟಿಟಿ ಫೈಲ್ ಯೂನಿಕೋಡ್‌ನಲ್ಲೇ ಇರುತ್ತದೆ. ಕ್ಯೂ ಶೀಟ್‌ನ ಸಾಲುಗಳಿಗೆ ಈಗ ನಿಜವಾದ ಸಮಯ ಹಾಕಿದರಾಯಿತು:

```
WEBVTT

00:41:10.000 --> 00:41:14.000
[ಗಂಟೆ, ಮೂರನೇ ಸಲ]

00:48:30.000 --> 00:50:35.000
[ಮೌನ: ಎಲ್ಲರೂ ತಲೆಬಾಗಿ ನಿಂತಿದ್ದಾರೆ]
```

ಗಡಿಯಾರಕ್ಕೆ ಜಾಗ ಸಿಗುವುದು ಇಲ್ಲಿ, ಎಲ್ಲ ಮುಗಿದ ಮೇಲೆ.

ಹಬ್ಬಕ್ಕೆ ಮೊದಲು ತಾಲೀಮಿನ ರೆಕಾರ್ಡಿಂಗ್ ಇದ್ದರೆ, ಈ ವಿಧಿಯ ಪರಿಚಯವೇ ಇಲ್ಲದ ಒಬ್ಬರನ್ನು ಕೂರಿಸಿ. ಮೊದಲ ಹತ್ತು ನಿಮಿಷ ಶಬ್ದ ತೆಗೆದು ತೋರಿಸಿ. ಮುಂದಿನ ಹತ್ತು ನಿಮಿಷ ಕಣ್ಣು ಮುಚ್ಚಿಸಿ ಕೇಳಿಸಿ. ನಡುವೆ ಎಲ್ಲಾದರೂ ಹಠಾತ್ತನೆ ನಿಲ್ಲಿಸಿ, “ಈಗ ಏನು ನಡೀತಿತ್ತು, ಮುಂದೆ ಏನು?” ಅಂತ ಕೇಳಿ. ಅವರು ತಡವರಿಸಿದ ಜಾಗಕ್ಕೆ ಶೀಟ್‌ನಲ್ಲಿ ಕೆಂಪು ಗುರುತು ಹಾಕಿ. ನನ್ನ ಅನುಭವದಲ್ಲಿ ಮೊದಲ ಕೆಂಪು ಗುರುತು ಬೀಳುವುದು ಮೌನದ ಮೇಲಲ್ಲ, ಎರಡನೇ ಸುತ್ತಿನ ಪಠಣದ ಮೇಲೆ. ಅದು ಮೊದಲ ಸುತ್ತಿನಂತೆಯೇ ಇರುವುದರಿಂದ, ವಿಡಿಯೋ ಹಿಂದಕ್ಕೆ ಹೋಯಿತು ಅಂತ ಅವರು ಅಂದುಕೊಂಡಿರುತ್ತಾರೆ.